ನ್ಯೂಟನ್ ತೀರಿಕೊಂಡದ್ದು 1726ರಲ್ಲೋ 1727ರಲ್ಲೋ?

ಪ್ರಶ್ನೆ: ನ್ಯೂಟನ್ ತೀರಿಕೊಂಡ ದಿನ ಒಂದು ಪುಸ್ತಕದಲ್ಲಿ 20 ಮಾರ್ಚ್ 1726 ಅಂತಿದೆ, ಇನ್ನೊಂದರಲ್ಲಿ 20 ಮಾರ್ಚ್ 1726/7, ಮತ್ತೊಂದರಲ್ಲಿ 31 ಮಾರ್ಚ್ 1727. ಇವುಗಳಲ್ಲಿ ಸರಿ ಯಾವುದು? 1752ರಲ್ಲಿ ಇಂಗ್ಲೆಂಡಿನವರು 11 ದಿನ ಹಾರಿಸಿಬಿಟ್ಟರಂತೆ, ಅದಕ್ಕೂ ಇದಕ್ಕೂ ಸಂಬಂಧ ಇದೆಯೇ? ಹಳೆಯ ತಾರೀಕು ಕಂಡಾಗಲೆಲ್ಲ ನಾವು ಹತ್ತೋ ಹನ್ನೊಂದೋ ದಿನ ಕೂಡಿಸಿಕೊಳ್ಳಬೇಕೇ?

ಉತ್ತರ: ಮೂರೂ ಸರಿ. ಮೂರೂ ಒಂದೇ ದಿನದ ಹೆಸರುಗಳು, ಆ ದಿನ ಸೋಮವಾರ. ಗೊಂದಲ ಹುಟ್ಟುವುದು ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಹೆಣೆದುಕೊಂಡಿರುವುದರಿಂದ. ತಿಂಗಳಿನ ಎಷ್ಟನೆಯ ದಿನ ಎಂಬುದು ಒಂದು: 20 ಅಥವಾ 31. ಹೊಸ ವರ್ಷ ಯಾವತ್ತು ಶುರು ಎಂಬುದು ಇನ್ನೊಂದು: 1726 ಅಥವಾ 1727. ಇವೆರಡನ್ನು ಬಿಡಿಸಿ ಇಟ್ಟುಕೊಂಡರೆ ಅರ್ಧ ತೊಡಕು ಅಲ್ಲೇ ಕಳೆಯುತ್ತದೆ. ಮೊದಲು ದಿನದ ಲೆಕ್ಕ ನೋಡೋಣ.

ಜೂಲಿಯಸ್ ಸೀಸರ್ ತಂದ ಕ್ಯಾಲೆಂಡರಿನಲ್ಲಿ ನಾಲ್ಕು ವರ್ಷಕ್ಕೊಂದು ಅಧಿಕ ವರ್ಷ ತಪ್ಪದೆ ಬರುತ್ತದೆ. ಅಂದರೆ ಸರಾಸರಿ ವರ್ಷ 365 ದಿನ 6 ಗಂಟೆ. ಋತುಗಳು ಒಂದು ಸುತ್ತು ಮುಗಿಸಲು ತೆಗೆದುಕೊಳ್ಳುವ ಕಾಲ ಇದಕ್ಕಿಂತ ಸುಮಾರು 11 ನಿಮಿಷ ಕಡಿಮೆ. ಒಂದು ವರ್ಷಕ್ಕೆ ಇದು ಲೆಕ್ಕಕ್ಕೇ ಬಾರದು, ಆದರೆ ಸುಮಾರು 128 ವರ್ಷಕ್ಕೆ ಒಂದು ಇಡೀ ದಿನವಾಗುತ್ತದೆ. ಕ್ಯಾಲೆಂಡರ್ ಹಿಂದೆ ಬೀಳುತ್ತಾ ಹೋಗುತ್ತದೆ. ಹಗಲು ಇರುಳು ಸಮನಾಗುವ ವಸಂತದ ದಿನ ಕ್ರಿ.ಶ. 325ರಲ್ಲಿ ಕ್ರೈಸ್ತ ಧರ್ಮಗುರುಗಳು ಸೇರಿದ ನೈಸಿಯಾ ಸಭೆಯ ಕಾಲಕ್ಕೆ ಮಾರ್ಚ್ 21ರ ಆಸುಪಾಸಿನಲ್ಲಿತ್ತು. 1582ರ ಹೊತ್ತಿಗೆ ಅದು ಮಾರ್ಚ್ 11ಕ್ಕೆ ಬಂದು ನಿಂತಿತ್ತು. ರೈತನಿಗೆ ಇದರಿಂದ ಹೇಳಿಕೊಳ್ಳುವಂಥ ತೊಂದರೆ ಇರಲಿಲ್ಲ. ಇಕ್ಕಟ್ಟಾದದ್ದು ಚರ್ಚಿಗೆ. ಈಸ್ಟರ್ ಹಬ್ಬದ ದಿನವನ್ನು ಮಾರ್ಚ್ 21 ಮತ್ತು ಅದರ ನಂತರದ ಹುಣ್ಣಿಮೆಯನ್ನು ಹಿಡಿದು ಗುಣಿಸುತ್ತಿದ್ದರು. ಕಾಗದದ ಮೇಲಿನ ಮಾರ್ಚ್ 21 ಆಕಾಶದ ವಿಷುವ ದಿನದಿಂದ ಹತ್ತು ದಿನ ದೂರ ಸರಿದಿದ್ದರೆ ಹಬ್ಬ ತಪ್ಪು ತಿಂಗಳಿಗೆ ಬೀಳುವ ಸಾಧ್ಯತೆ ಇತ್ತು.

ಇಲ್ಲಿ ಒಂದು ಸಹಜ ಅನುಮಾನ ಏಳುತ್ತದೆ. ಸೀಸರನಿಂದ 1582ಕ್ಕೆ ಹದಿನಾರು ಶತಮಾನಕ್ಕೂ ಹೆಚ್ಚು ಕಾಲ. 128ರಿಂದ ಭಾಗಿಸಿದರೆ ಹನ್ನೆರಡು ದಿನಕ್ಕೂ ಮಿಗಿಲಾಗುತ್ತದೆ. ಹಾಗಿದ್ದರೆ 1582ರಲ್ಲಿ ಹದಿಮೂರನೆಯ ಗ್ರೆಗರಿ ಪೋಪರು ಕ್ಯಾಲೆಂಡರನ್ನು ತಿದ್ದುವಾಗ ತೆಗೆದದ್ದು ಹತ್ತೇ ದಿನ ಏಕೆ? ಅವರ ಉದ್ದೇಶ ಸೀಸರನ ಕಾಲಕ್ಕೆ ಮರಳುವುದಾಗಿರಲಿಲ್ಲ, ನೈಸಿಯಾದ ಕಾಲಕ್ಕೆ ಮರಳುವುದಾಗಿತ್ತು. 325ರಿಂದ 1582ಕ್ಕೆ 1257 ವರ್ಷ. 128ರಿಂದ ಭಾಗಿಸಿದರೆ ಹೆಚ್ಚುಕಡಿಮೆ ಹತ್ತು. ಆದ್ದರಿಂದ 1582ರ ಅಕ್ಟೋಬರ್ 4, ಗುರುವಾರ ಮುಗಿದ ಮೇಲೆ ಅಕ್ಟೋಬರ್ 15, ಶುಕ್ರವಾರ ಬಂತು. ಮುಂದೆ ಇದೇ ತಪ್ಪು ಮರುಕಳಿಸದಿರಲೆಂದು 400ರಿಂದ ಭಾಗವಾಗದ ಶತಮಾನದ ವರ್ಷಗಳಿಗೆ, ಅಂದರೆ 1700, 1800, 1900ಕ್ಕೆ, ಫೆಬ್ರುವರಿ 29 ಇಲ್ಲವೆಂದು ಮಾಡಿದರು. 1600 ಮತ್ತು 2000 ಮಾತ್ರ ಅಧಿಕ ವರ್ಷಗಳಾಗಿ ಉಳಿದವು.

ಹತ್ತು ದಿನವನ್ನು ಒಂದೇ ಏಟಿಗೆ ಏಕೆ ತೆಗೆಯಬೇಕಿತ್ತು, ನಲವತ್ತು ವರ್ಷ ಅಧಿಕ ದಿನಗಳನ್ನು ಕೈಬಿಟ್ಟಿದ್ದರೆ ಯಾರಿಗೂ ಗೊತ್ತಾಗದಂತೆ ಸರಿಹೋಗುತ್ತಿರಲಿಲ್ಲವೇ ಎಂದು ಕೇಳುವವರಿದ್ದಾರೆ. ಆ ದಾರಿಯನ್ನು ಸ್ವೀಡನ್ ಹಿಡಿದು ನೋಡಿತು. 1700ರಲ್ಲಿ ಅಧಿಕ ದಿನ ಬಿಟ್ಟಿತು. ಆಮೇಲೆ 1704ರಲ್ಲಿ, 1708ರಲ್ಲಿ ಬಿಡಬೇಕಾದದ್ದನ್ನು ಬಿಡಲೇ ಇಲ್ಲ. ಹೀಗಾಗಿ ಕೆಲವು ವರ್ಷ ಸ್ವೀಡನ್ನಿನ ತಾರೀಕು ಅತ್ತ ರಷ್ಯಾದ ಹಳೆಯ ಲೆಕ್ಕಕ್ಕಿಂತ ಒಂದು ದಿನ ಮುಂದೆ, ಇತ್ತ ಗ್ರೆಗರಿಯ ಲೆಕ್ಕಕ್ಕಿಂತ ಹತ್ತು ದಿನ ಹಿಂದೆ. 1709ರ ಪೋಲ್ಟಾವಾ ಯುದ್ಧ ರಷ್ಯನ್ನರಿಗೆ ಜೂನ್ 27, ಸ್ವೀಡನ್ನಿನವರಿಗೆ ಜೂನ್ 28, ಗ್ರೆಗರಿಯ ಲೆಕ್ಕದವರಿಗೆ ಜುಲೈ 8. ಕೊನೆಗೆ ಸಾಕಪ್ಪಾ ಎಂದು 1712ರಲ್ಲಿ ಒಂದು ದಿನ ಹೆಚ್ಚು ಸೇರಿಸಿ ಹಳೆಯ ಲೆಕ್ಕಕ್ಕೇ ಮರಳಿದರು. ಆ ವರ್ಷ ಅಲ್ಲಿ ಫೆಬ್ರುವರಿ 30 ಬಂತು. ನಿಜವಾಗಿ ಬದಲಾದದ್ದು 1753ರಲ್ಲಿ, ಅದೂ ಒಂದೇ ಏಟಿಗೆ.

ಇಂಗ್ಲೆಂಡ್ 1582ರಲ್ಲಿ ಪೋಪರ ಮಾತು ಕೇಳುವ ಸ್ಥಿತಿಯಲ್ಲಿರಲಿಲ್ಲ. ಅದು 170 ವರ್ಷ ಹಳೆಯದರಲ್ಲೇ ಇತ್ತು. ಈ ನಡುವೆ 1700 ಬಂದುಹೋಯಿತು. ಹಳೆಯ ಲೆಕ್ಕದವರು ಆ ವರ್ಷದ ಫೆಬ್ರುವರಿ 29ನ್ನು ಎಣಿಸಿದರು, ಹೊಸ ಲೆಕ್ಕದವರು ಎಣಿಸಲಿಲ್ಲ. ಅಲ್ಲಿಗೆ ಅಂತರ ಹತ್ತರಿಂದ ಹನ್ನೊಂದಕ್ಕೆ ಏರಿತು. 1752ರಲ್ಲಿ ಬ್ರಿಟನ್ ಬದಲಾಯಿಸಿದಾಗ ತೆಗೆಯಬೇಕಾದದ್ದು ಹನ್ನೊಂದು ದಿನವಾಗಿತ್ತು. ಸೆಪ್ಟೆಂಬರ್ 2, ಬುಧವಾರ. ಮಾರನೆಯ ದಿನ ಸೆಪ್ಟೆಂಬರ್ 14, ಗುರುವಾರ. ಲಿನಕ್ಸ್ ಕಂಪ್ಯೂಟರ್ ಇದ್ದವರು ಈ ತಿಂಗಳನ್ನು ಕಣ್ಣಾರೆ ನೋಡಬಹುದು:

```
$ cal 9 1752
   September 1752
Su Mo Tu We Th Fr Sa
       1  2 14 15 16
17 18 19 20 21 22 23
24 25 26 27 28 29 30
```

ವಾರಗಳನ್ನು ಗಮನಿಸಿ. ಬುಧವಾರದ ನಂತರ ಗುರುವಾರವೇ ಬಂದಿದೆ. 1582ರಲ್ಲೂ ಗುರುವಾರದ ಬೆನ್ನಿಗೆ ಶುಕ್ರವಾರ. ಕ್ಯಾಲೆಂಡರ್ ಬದಲಾದಾಗ ತಾರೀಕಿನ ಅಂಕಿ ಮಾತ್ರ ಜಿಗಿಯಿತು, ಏಳು ವಾರಗಳ ಸರಪಳಿ ಎಲ್ಲೂ ತುಂಡಾಗಲಿಲ್ಲ. ಹಳೆಯ ತಾರೀಕುಗಳನ್ನು ಪರೀಕ್ಷಿಸಲು ನಮಗಿರುವ ಒಳ್ಳೆಯ ಆಯುಧ ಇದೇ. ಇದಕ್ಕೆ ಮತ್ತೆ ಬರುತ್ತೇನೆ.

'ನಮ್ಮ ಹನ್ನೊಂದು ದಿನ ವಾಪಸ್ ಕೊಡಿ' ಎಂದು ಜನ ದಂಗೆ ಎದ್ದರೆಂಬ ಕಥೆ ಎಲ್ಲ ಕಡೆ ಸಿಗುತ್ತದೆ. ಅದಕ್ಕೆ ಆ ಕಾಲದ ದಾಖಲೆಗಳ ಆಧಾರವಿಲ್ಲ. ವಿಲಿಯಂ ಹೊಗಾರ್ತ್ 1755ರ ಸುಮಾರಿಗೆ ಬರೆದ ಒಂದು ಚುನಾವಣಾ ವಿಡಂಬನೆಯ ಚಿತ್ರದಲ್ಲಿ ಆ ಘೋಷಣೆಯ ಫಲಕವೊಂದಿದೆ. ಮುಂದಿನವರು ವಿಡಂಬನೆಯನ್ನೇ ವರದಿ ಎಂದು ಓದಿಕೊಂಡರು. ಹನ್ನೊಂದು ದಿನದ ಬಾಡಿಗೆ, ಸಂಬಳ, ಬಡ್ಡಿ ಏನಾಗಬೇಕೆಂಬ ಪ್ರಶ್ನೆ ಮಾತ್ರ ನಿಜವಾದದ್ದು. ಅದನ್ನು ಕಾಯಿದೆ ಮೊದಲೇ ಯೋಚಿಸಿತ್ತು: ಹಿಂದೆ ಆಗಿದ್ದ ಒಪ್ಪಂದದ ಗಡುವು ಹನ್ನೊಂದು ದಿನ ಮೊದಲೇ ಬರುವಂತಿಲ್ಲ, ಕ್ಯಾಲೆಂಡರ್ ಬದಲಾಗದಿದ್ದರೆ ಯಾವ ದಿನ ಬರುತ್ತಿತ್ತೋ ಆ ದಿನವೇ ಬರಬೇಕು. ಅಂದರೆ ಮಾರ್ಚ್ 25ರ ಬಾಡಿಗೆಯನ್ನು ಏಪ್ರಿಲ್ 5ಕ್ಕೆ ಕೊಟ್ಟರೆ ಸಾಕು. ಬ್ರಿಟನ್ನಿನ ತೆರಿಗೆ ವರ್ಷ ಇಂದಿಗೂ ಏಪ್ರಿಲ್ 5ಕ್ಕೆ ಮುಗಿಯುವುದರ ಬೇರು ಇಲ್ಲಿದೆ.

ಈಗ ಎರಡನೆಯ ಎಳೆಗೆ, ಆ ಓರೆಗೆರೆಗೆ ಬರೋಣ. ಮಾರ್ಚ್ 25 ಬಾಡಿಗೆಯ ದಿನವಷ್ಟೇ ಅಲ್ಲ, ಇಂಗ್ಲೆಂಡಿನ ಕಾನೂನಿನಲ್ಲಿ ವರ್ಷದ ಮೊದಲ ದಿನವೂ ಹೌದು. ಅವರು ಅದನ್ನು ಲೇಡಿ ಡೇ ಎನ್ನುತ್ತಿದ್ದರು. 1726ರ ಡಿಸೆಂಬರ್ 31ರ ಮಾರನೆಯ ದಿನ ಇಂಗ್ಲೆಂಡಿನ ಕಚೇರಿಯಲ್ಲಿ 1726ರ ಜನವರಿ 1. ಹೀಗೆ ಮಾರ್ಚ್ 24ರವರೆಗೂ 1726ಏ. ಮರುದಿನ 1727. ಆದರೆ ಜನಸಾಮಾನ್ಯರು, ಪಂಚಾಂಗ ಮುದ್ರಿಸುವವರು, ಹೊರದೇಶದವರೊಡನೆ ಪತ್ರ ವ್ಯವಹಾರ ಇಟ್ಟುಕೊಂಡವರು ಜನವರಿ 1ನ್ನೇ ಹೊಸ ವರ್ಷವೆಂದು ಬಗೆಯುತ್ತಿದ್ದರು. ಸ್ಕಾಟ್ಲೆಂಡ್ ಅಂತೂ 1600ರಿಂದಲೇ ಜನವರಿ 1ಕ್ಕೆ ಬದಲಾಗಿತ್ತು, ದಿನದ ಲೆಕ್ಕ ಮಾತ್ರ ಹಳೆಯದೇ. ಹೀಗಾಗಿ ಜನವರಿ 1ರಿಂದ ಮಾರ್ಚ್ 24ರ ನಡುವಿನ ಸುಮಾರು ಹನ್ನೆರಡು ವಾರ ಯಾವ ವರ್ಷದವೆಂದು ಸ್ಪಷ್ಟವಾಗಲು ಬರೆಯುವವರೇ 1726/7 ಎಂದು ಎರಡನ್ನೂ ಬರೆಯತೊಡಗಿದರು. ಮೊದಲಿನದು ಕಾನೂನಿನ ವರ್ಷ, ಓರೆಗೆರೆಯ ಆಚೆಯದು ನಮ್ಮ ಲೆಕ್ಕದ ವರ್ಷ. ಇದು ಇತಿಹಾಸಕಾರರು ಆಮೇಲೆ ಕಟ್ಟಿದ ಉಪಾಯವಲ್ಲ, ಆ ಕಾಲದವರದೇ ರೂಢಿ.

ಇದರಿಂದ ಒಂದು ಸುಲಭದ ಸುಳಿವು ಸಿಗುತ್ತದೆ. ಇಂಗ್ಲೆಂಡಿನ ಹಳೆಯ ದಾಖಲೆಯ ಜೂನ್ ಅಥವಾ ಅಕ್ಟೋಬರ್ ತಾರೀಕಿಗೆ ಯಾರಾದರೂ 1726/7 ಎಂದು ಬರೆದಿದ್ದರೆ ಎಲ್ಲೋ ಎಡವಿದ್ದಾರೆಂದೇ ಅರ್ಥ. ಆ ತಿಂಗಳುಗಳಲ್ಲಿ ಎರಡು ವರ್ಷಕ್ಕೆ ಎಡೆಯೇ ಇಲ್ಲ.

1752ರ ಬದಲಾವಣೆಗೆ ಕಾರಣವಾದ ಕಾಯಿದೆಯೇ ಈ ಗೊಂದಲವನ್ನೂ ಮುಗಿಸಿತು. ಇಂಗ್ಲೆಂಡಿನ 1751 ಮಾರ್ಚ್ 25ಕ್ಕೆ ಶುರುವಾಗಿ ಡಿಸೆಂಬರ್ 31ಕ್ಕೇ ಮುಗಿಯಿತು, ಬರೀ 282 ದಿನದ ವರ್ಷ. ಅಂದರೆ ಇಂಗ್ಲೆಂಡಿನ ಕಾನೂನಿನ ಪ್ರಕಾರ 1751ರ ಫೆಬ್ರುವರಿ ಎಂಬ ತಿಂಗಳೇ ಬರಲಿಲ್ಲ. ಹನ್ನೊಂದು ದಿನದ ಮಾತನ್ನು ಎಲ್ಲರೂ ಆಡುತ್ತಾರೆ, ಈ ಕಾಣೆಯಾದ ಮೂರು ತಿಂಗಳ ಕಡೆ ಯಾರೂ ತಿರುಗಿ ನೋಡುವುದಿಲ್ಲ.

ಈಗ ನ್ಯೂಟನ್ನರನ್ನೇ ಇಟ್ಟುಕೊಂಡು ಪೂರ್ತಿ ಲೆಕ್ಕ ಮಾಡೋಣ. ವೆಸ್ಟ್‌ಮಿನ್‌ಸ್ಟರ್ ಅಬಿಯಲ್ಲಿರುವ ಅವರ ಸ್ಮಾರಕದ ಲ್ಯಾಟಿನ್ ಬರಹ ಹೇಳುವುದು: ಹುಟ್ಟು 25 ಡಿಸೆಂಬರ್ 1642, ಸಾವು 20 ಮಾರ್ಚ್ 1726. ಇದನ್ನು ಇದ್ದಂತೆಯೇ ಕಳೆದರೆ ವಯಸ್ಸು 83 ಬರುತ್ತದೆ. ಅದು ತಪ್ಪು. ಸರಿಪಡಿಸುವಾಗ ಮೊದಲು ವರ್ಷ, ಆಮೇಲೆ ದಿನ ಎಂಬ ಕ್ರಮವನ್ನು ಬಿಡಬಾರದು. ಮಾರ್ಚ್ 20 ಎಂಬುದು ಮಾರ್ಚ್ 25ಕ್ಕಿಂತ ಹಿಂದಿನದು, ಆದ್ದರಿಂದ ಜನವರಿಯಿಂದ ಎಣಿಸಿದರೆ ಅದು 1727. ಡಿಸೆಂಬರ್ 25ಕ್ಕೆ ಆ ತೊಡಕಿಲ್ಲ, 1642 ಹಾಗೆಯೇ ಉಳಿಯುತ್ತದೆ. ಈಗ ವಯಸ್ಸು 84 ವರ್ಷ 85 ದಿನ.

ಬಳಿಕ ದಿನ. ಹುಟ್ಟಿದ್ದು 1700ಕ್ಕೆ ಮೊದಲು, ಹಾಗಾಗಿ ಹತ್ತು ದಿನ ಕೂಡಿಸಬೇಕು: 4 ಜನವರಿ 1643. ತೀರಿಕೊಂಡದ್ದು 1700ರ ನಂತರ, ಹಾಗಾಗಿ ಹನ್ನೊಂದು: 31 ಮಾರ್ಚ್ 1727. ಹೊಸ ತಾರೀಕುಗಳ ನಡುವಿನ ಅಂತರ 84 ವರ್ಷ 86 ದಿನ ಬರುತ್ತದೆ, ಮೊದಲಿನದಕ್ಕಿಂತ ಒಂದು ದಿನ ಹೆಚ್ಚು. ಲೆಕ್ಕ ತಪ್ಪಿತೆಂದು ಗಾಬರಿಯಾಗಬೇಡಿ. ಅವರು ಬದುಕಿದ ಒಟ್ಟು ದಿನಗಳು ಅಷ್ಟೇ. ಹಳೆಯ ಲೆಕ್ಕದ 84 ವರ್ಷಗಳೊಳಗೆ 1700ರ ಫೆಬ್ರುವರಿ 29 ಅಡಗಿದೆ, ಹೊಸ ಲೆಕ್ಕದ 84 ವರ್ಷಗಳಲ್ಲಿ ಆ ದಿನ ಇಲ್ಲದ್ದರಿಂದ ಅದು ಮಿಕ್ಕ ದಿನಗಳ ಲೆಕ್ಕಕ್ಕೆ ಬಂದು ಕೂತಿದೆ.

ಗೆಲಿಲಿಯೋ ತೀರಿಕೊಂಡ ವರ್ಷವೇ ನ್ಯೂಟನ್ ಹುಟ್ಟಿದರೆಂದು ನಮ್ಮ ಶಾಲೆಗಳಲ್ಲೂ ಹೇಳಿಕೊಡುವುದುಂಟು. ಗೆಲಿಲಿಯೋ ನಿಧನ 8 ಜನವರಿ 1642, ಇಟಲಿಯ ಹೊಸ ಲೆಕ್ಕದಲ್ಲಿ. ನ್ಯೂಟನ್ ಜನನ 25 ಡಿಸೆಂಬರ್ 1642, ಇಂಗ್ಲೆಂಡಿನ ಹಳೆಯ ಲೆಕ್ಕದಲ್ಲಿ. ಎರಡನ್ನೂ ಹೊಸದಕ್ಕೆ ತಂದರೆ 1642 ಮತ್ತು 1643. ಹಳೆಯದಕ್ಕೆ ತಂದರೆ 29 ಡಿಸೆಂಬರ್ 1641 ಮತ್ತು 1642. ಯಾವ ಒಂದು ಕ್ಯಾಲೆಂಡರ್ ಹಿಡಿದರೂ ಎರಡೂ ಒಂದೇ ವರ್ಷಕ್ಕೆ ಬರುವುದಿಲ್ಲ. ಎರಡು ಅಳತೆಗೋಲು ಬೆರೆಸಿದಾಗಲಷ್ಟೇ ಈ ಕಾಕತಾಳೀಯ ಹುಟ್ಟುತ್ತದೆ.

ಇನ್ನು ಇತಿಹಾಸಕಾರರ ರೂಢಿ. ಇಂಗ್ಲೆಂಡಿನ ಒಳಗಿನ ಸಂಗತಿ ಬರೆಯುವವರು ಸಾಮಾನ್ಯವಾಗಿ ದಿನವನ್ನು ಹಳೆಯದರಲ್ಲೇ ಬಿಟ್ಟು ವರ್ಷವನ್ನು ಮಾತ್ರ ಜನವರಿ 1ಕ್ಕೆ ಹೊಂದಿಸುತ್ತಾರೆ. ಒಂದನೇ ಚಾರ್ಲ್ಸ್‌ನ ತಲೆ ಕಡಿದದ್ದು ಮೂಲ ಕಾಗದಗಳಲ್ಲಿ 30 ಜನವರಿ 1648, ಇಂದಿನ ಪುಸ್ತಕಗಳಲ್ಲಿ 30 ಜನವರಿ 1649. ಅದನ್ನು ಫೆಬ್ರುವರಿ 9 ಎಂದು ಬರೆಯುವವರು ವಿರಳ. ಇದು ಒಳ್ಳೆಯ ರಾಜಿ: ವರ್ಷ ಹಿಂದುಮುಂದಾದರೆ ಘಟನೆಗಳ ಕ್ರಮವೇ ಕೆಡುತ್ತದೆ, ದಿನ ಬದಲಿಸಿದರೆ ಮೂಲ ದಾಖಲೆಯನ್ನು ಹುಡುಕುವವನಿಗೆ ಸಿಗುವುದಿಲ್ಲ. ಎರಡು ದೇಶಗಳ ನಡುವಿನ ವ್ಯವಹಾರವಾದರೆ ಮಾತ್ರ ದಿನವನ್ನೂ ಜೋಡಿಯಾಗಿ, 20/31 ಮಾರ್ಚ್ 1727 ಎಂದು ಕೊಡುತ್ತಾರೆ. ಇಲ್ಲದಿದ್ದರೆ ಕಥೆ ತಲೆಕೆಳಗಾಗುತ್ತದೆ: ಆರೆಂಜಿನ ವಿಲಿಯಂ 1688ರ ನವೆಂಬರ್ 11ರಂದು ಹಾಲೆಂಡಿನಿಂದ ಹೊರಟು ನವೆಂಬರ್ 5ರಂದು ಇಂಗ್ಲೆಂಡಿನಲ್ಲಿ ಇಳಿದ. ಹೊರಟ ದಿನ ಡಚ್ಚರ ಹೊಸ ಲೆಕ್ಕ, ಇಳಿದ ದಿನ ಇಂಗ್ಲಿಷರ ಹಳೆಯ ಲೆಕ್ಕ. ದಿನದ ಓರೆಗೆರೆ ಬೇರೆ, ವರ್ಷದ ಓರೆಗೆರೆ ಬೇರೆ ಎಂಬುದನ್ನೂ ಮರೆಯಬೇಡಿ. 'ಹಳೆಯ ಶೈಲಿ' ಎಂಬ ಮಾತನ್ನು ಕೆಲವರು ದಿನಕ್ಕೆ, ಕೆಲವರು ವರ್ಷಾರಂಭಕ್ಕೆ ಬಳಸುತ್ತಾರೆ. ಒಳ್ಳೆಯ ಪುಸ್ತಕವಾದರೆ ಮುನ್ನುಡಿಯಲ್ಲೇ ಯಾವುದೆಂದು ಹೇಳಿರುತ್ತಾರೆ, ಮೊದಲು ಅಲ್ಲಿ ನೋಡಿ.

ಕೂಡಿಸಬೇಕೇ ಬೇಡವೇ ಎಂಬ ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ: ಮೊದಲು ಆ ತಾರೀಕು ಯಾವ ಲೆಕ್ಕದ್ದೆಂದು ಪತ್ತೆ ಮಾಡಿ, ಆಮೇಲೆ ಕೂಡಿಸುವ ಮಾತು. ಜನ ಮಾಡುವ ದೊಡ್ಡ ತಪ್ಪೆಂದರೆ ಯಾರೋ ಆಗಲೇ ಬದಲಾಯಿಸಿದ ತಾರೀಕಿಗೆ ಮತ್ತೆ ಹನ್ನೊಂದು ದಿನ ಸೇರಿಸುವುದು. ಜಾರ್ಜ್ ವಾಷಿಂಗ್ಟನ್ ಹುಟ್ಟಿದ್ದು ಹಳೆಯ ಲೆಕ್ಕದ 11 ಫೆಬ್ರುವರಿ 1731/2. ನಾವು ಓದುವ 22 ಫೆಬ್ರುವರಿ 1732 ಬದಲಾದ ಮೇಲಿನದು. ಅದನ್ನು ಮತ್ತೆ ಮುಟ್ಟಬಾರದು.

ಪತ್ತೆ ಮಾಡಲು ವಾರವೇ ಸಾಕ್ಷಿ. ದಾಖಲೆಯಲ್ಲಿ ವಾರವೂ ಇದ್ದರೆ ಎರಡೂ ಲೆಕ್ಕದಲ್ಲಿ ಆ ತಾರೀಕಿಗೆ ಯಾವ ವಾರ ಬರುತ್ತದೆಂದು ನೋಡಿ. ಹತ್ತು ದಿನದ ಅಂತರ ವಾರವನ್ನು ಮೂರು ಹೆಜ್ಜೆ ಸರಿಸುತ್ತದೆ, ಹನ್ನೊಂದು ದಿನದ್ದು ನಾಲ್ಕು ಹೆಜ್ಜೆ. ಎರಡೂ ಒಂದೇ ವಾರಕ್ಕೆ ಬರಲಾರವು, ಆದ್ದರಿಂದ ಉತ್ತರ ಖಚಿತ. ವರ್ಷದ ಅನುಮಾನವನ್ನೂ ಇದೇ ಬಗೆಹರಿಸುತ್ತದೆ: ಹಳೆಯ ಲೆಕ್ಕದಲ್ಲಿ ಮಾರ್ಚ್ 20, ಜನವರಿಯಿಂದ ಎಣಿಸುವ 1726ರಲ್ಲಿ ಭಾನುವಾರ, 1727ರಲ್ಲಿ ಸೋಮವಾರ.

ನಮ್ಮ ಕಡೆ ವಾರದ ಜೊತೆ ತಿಥಿಯೂ ಇರುವುದರಿಂದ ಪರೀಕ್ಷೆ ಇನ್ನೂ ಬಿಗಿ. ಶಿವಾಜಿಯ ಪಟ್ಟಾಭಿಷೇಕ ಜ್ಯೇಷ್ಠ ಶುದ್ಧ ತ್ರಯೋದಶಿ, 6 ಜೂನ್ 1674. ಹೊಸ ಲೆಕ್ಕದ ಜೂನ್ 6 ಎಂದು ಹಿಡಿದರೆ ಆಕಾಶದಲ್ಲಿ ಚಂದ್ರ ಆಗಷ್ಟೇ ಮೂಡಿದ ಬಿದಿಗೆ ತದಿಗೆಯವನು. ಹಳೆಯ ಲೆಕ್ಕದ ಜೂನ್ 6, ಅಂದರೆ ಹೊಸ ಲೆಕ್ಕದ ಜೂನ್ 16 ಎಂದು ಹಿಡಿದರೆ ತ್ರಯೋದಶಿಗೆ ಸರಿಯಾಗಿ ಕೂಡುತ್ತದೆ. ಹಾಗಾಗಿ ಪುಸ್ತಕಗಳ ಜೂನ್ 6 ಹಳೆಯ ಲೆಕ್ಕದ್ದು.

1582ಕ್ಕಿಂತ ಹಿಂದಿನ ತಾರೀಕುಗಳನ್ನು ಬದಲಾಯಿಸಲೇಬೇಡಿ. ಆಗ ಹೊಸ ಕ್ಯಾಲೆಂಡರೇ ಇರಲಿಲ್ಲ, ಇತಿಹಾಸಕಾರರೆಲ್ಲ ಹಳೆಯದರಲ್ಲೇ ಬರೆಯುತ್ತಾರೆ. ಇಲ್ಲಿ ಮೋಸ ಮಾಡುವುದು ಕಂಪ್ಯೂಟರ್. ತುಮಕೂರು ಜಿಲ್ಲೆಯ ಹೊನ್ನೇನಹಳ್ಳಿಯ ಶಾಸನದ ಪ್ರಕಾರ ಕೃಷ್ಣದೇವರಾಯ ತೀರಿಕೊಂಡದ್ದು 17 ಅಕ್ಟೋಬರ್ 1529, ಭಾನುವಾರ. ಪೈಥಾನ್‌ನಲ್ಲಿ ಕೇಳಿ ನೋಡಿ:

```
>>> import datetime
>>> datetime.date(1529, 10, 17).strftime("%A")
'Thursday'
```

ಗುರುವಾರ ಎನ್ನುತ್ತದೆ. ಶಾಸನ ತಪ್ಪಲ್ಲ. ಪೈಥಾನ್ ಗ್ರೆಗರಿಯ ನಿಯಮವನ್ನು ಅದು ಹುಟ್ಟುವ ಮೊದಲಿನ ಕಾಲಕ್ಕೂ ಎಳೆದುಕೊಂಡು ಹೋಗಿದೆ. ಹಳೆಯ ಲೆಕ್ಕದ ಅಕ್ಟೋಬರ್ 17 ಭಾನುವಾರವೇ, ಅಂದು ಹುಣ್ಣಿಮೆ. ಪೈಥಾನಿನಿಂದಲೇ ಸರಿಯುತ್ತರ ಬೇಕಿದ್ದರೆ ಹತ್ತು ದಿನ ಸೇರಿಸಿ ಅಕ್ಟೋಬರ್ 27 ಎಂದು ಕೇಳಬೇಕು. ಆದರೆ ಪುಸ್ತಕದಲ್ಲಿ ಬರೆಯುವಾಗ 17 ಎಂದೇ ಇರಲಿ.

ಕರ್ನಾಟಕದ ಇತಿಹಾಸ ಓದುವವರಿಗೆ ಇನ್ನು ಉಳಿಯುವುದು 1582ರಿಂದ 1752ರ ನಡುವಿನ ಅವಧಿ. ಗೋವೆಯ ಪೋರ್ಚುಗೀಸರ ಮತ್ತು ಡಚ್ ಕಂಪನಿಯ ಕಾಗದಗಳು ಹೊಸ ಲೆಕ್ಕದವು, ಕಾರವಾರ, ಸೂರತ್, ಮದರಾಸಿನ ಇಂಗ್ಲಿಷ್ ಕೋಠಿಗಳವು ಹಳೆಯ ಲೆಕ್ಕದವು. ಫ್ರೆಂಚರು 1746ರಲ್ಲಿ ಮದರಾಸನ್ನು ಹಿಡಿದ ಘಟನೆಯ ತಾರೀಕುಗಳು ಎರಡು ಕಡೆಯ ದಾಖಲೆಗಳಲ್ಲಿ ಹನ್ನೊಂದು ದಿನ ಬೇರೆಯಾಗಿರುವುದು ಇದೇ ಕಾರಣಕ್ಕೆ. ಇಂಗ್ಲಿಷರ ಜನವರಿಯಿಂದ ಮಾರ್ಚ್ 24ರವರೆಗಿನ ಪತ್ರವಾದರೆ ವರ್ಷವನ್ನೂ ಒಮ್ಮೆ ಅನುಮಾನದಿಂದ ನೋಡಿ. ಕಡತದಲ್ಲಿ ಅದರ ಹಿಂದಿನ ಪತ್ರ ಅದೇ ವರ್ಷದ ಡಿಸೆಂಬರಿನದಾಗಿದ್ದರೆ ವರ್ಷ ಮಾರ್ಚ್ 25ಕ್ಕೆ ಬದಲಾಗುತ್ತಿತ್ತೆಂದು ತಿಳಿಯಿರಿ. ಇಂಗ್ಲಿಷರ ವಿರುದ್ಧ ಹೈದರ್ ಮತ್ತು ಟಿಪ್ಪು ನಡೆಸಿದ ಯುದ್ಧಗಳೆಲ್ಲ 1752ರ ನಂತರದವು. ಇಂಗ್ಲಿಷ್ ದಾಖಲೆಯ 4 ಮೇ 1799 ಈಗಿನ ಲೆಕ್ಕದಲ್ಲೂ ಮೇ 4ಏ, ಅದಕ್ಕೆ ಒಂದು ದಿನವನ್ನೂ ಕೂಡಿಸಬೇಕಿಲ್ಲ.